ಸೋಮವಾರದ ಖಾಲಿ ರೂಮಿಗೆ ಒಂದು ಮೇಲ್

ಸೋಲಾಪುರದ ಹೋಟೆಲುಗಳಿಗೆ ವಾರದಲ್ಲಿ ಎರಡು ಬಗೆಯ ಗಿರಾಕಿ. ಶುಕ್ರವಾರ ರಾತ್ರಿಯಿಂದ ದೇವರ ಗಿರಾಕಿ. ಪುಣೆ, ಮುಂಬೈ, ಹೈದರಾಬಾದ್ ಕಡೆಯಿಂದ ಕಾರು ತುಂಬಿಕೊಂಡು ಬರುವ ಕುಟುಂಬಗಳು ಅಕ್ಕಲಕೋಟ, ತುಳಜಾಪುರ, ಪಂಢರಪುರ ನೋಡಿ, ಬಿಡುವಿದ್ದರೆ ಗಡಿ ದಾಟಿ ಗಾಣಗಾಪುರಕ್ಕೂ ಹೋಗಿ ಬರುತ್ತವೆ. ಭಾನುವಾರ ಸಂಜೆ ಅವರೆಲ್ಲ ಹೊರಟರೆ ಕೀಲಿಗಳು ಬೋರ್ಡಿಗೆ ವಾಪಸ್. ಸೋಮವಾರದಿಂದ ಬರಬೇಕಾದದ್ದು ಕಂಪನಿಯ ಗಿರಾಕಿ: ಮಗ್ಗ ರಿಪೇರಿಗೆ ಬರುವ ಇಂಜಿನಿಯರ್, ಟವೆಲ್ ಖರೀದಿಗೆ ಬರುವ ವ್ಯಾಪಾರಿ, ಲೆಕ್ಕ ನೋಡಲು ಬರುವ ಆಡಿಟರ್. ಆದರೆ ಈತ ತಾನಾಗಿ ಬರುವವನಲ್ಲ. ಇವನ ರೂಮನ್ನು ಬೇರೆ ಯಾರೋ, ಕಂಪನಿಯ ಅಡ್ಮಿನ್ ಟೇಬಲಿನಲ್ಲಿ ಕೂತವರೋ ಮಾಲೀಕರ ಮಗನೋ, ಹಿಂದಿನ ಸಲ ಎಲ್ಲಿ ಮಾಡಿದ್ದರೋ ಅಲ್ಲೇ ಫೋನ್ ಮಾಡಿ ಗೊತ್ತು ಮಾಡಿಬಿಡುತ್ತಾರೆ.

ಆ ಒಬ್ಬರಿಗೆ, ಪರಿಚಯವಿಲ್ಲದೆ, ಹೋಟೆಲಿನ ಸೇಲ್ಸ್ ಎಕ್ಸಿಕ್ಯೂಟಿವ್ ಬರೆಯುವ ಮೊದಲ ಮೇಲೇ ಕೋಲ್ಡ್ ಇಮೇಲ್. ಬಹಳಷ್ಟು ಜನ ಅದನ್ನು ಬರೆಯುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ: ನಮ್ಮ ಹೋಟೆಲ್ ನಗರದ ಹೃದಯಭಾಗದಲ್ಲಿದೆ, ಸುಸಜ್ಜಿತ ರೂಮುಗಳಿವೆ, ಬ್ಯಾಂಕ್ವೆಟ್ ಹಾಲ್ ಇದೆ, ಆಕರ್ಷಕ ದರ, ಲಗತ್ತಿಸಿದ ಬ್ರೋಷರ್ ನೋಡಿ. ಇದನ್ನು ಓದಿದವರಿಗೆ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಎಷ್ಟು ರೂಪಾಯಿ ಎಂದಿಲ್ಲ, ಯಾವ ದಿನ ಎಂದಿಲ್ಲ, ತಮ್ಮ ಕಾರ್ಖಾನೆಯಿಂದ ಎಷ್ಟು ದೂರ ಎಂದೂ ಇಲ್ಲ.

ಒಳ್ಳೆಯ ಮೇಲ್ ಬರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಬರೆಯಲು ಕೂರುವ ಮೊದಲೇ ಮುಗಿದಿರುತ್ತದೆ. ಆ ಮುಕ್ಕಾಲಿನಿಂದಲೇ ಶುರು ಮಾಡೋಣ.

ಯಾರಿಗೆ

ಕಂಪನಿಗಳ ಪಟ್ಟಿಯನ್ನು ಹಣ ಕೊಟ್ಟು ಕೊಳ್ಳಬೇಡಿ. ನಿಮ್ಮ ಹೋಟೆಲಿನ ಫ್ರಂಟ್ ಆಫೀಸಿನಲ್ಲಿಯೇ ಅದಕ್ಕಿಂತ ಒಳ್ಳೆಯ ಪಟ್ಟಿ ಇದೆ. ಕಳೆದ ಆರು ತಿಂಗಳ ರಿಜಿಸ್ಟ್ರೇಷನ್ ಕಾರ್ಡುಗಳನ್ನು ತೆಗೆದು, 'ಬಂದ ಉದ್ದೇಶ' ಎಂಬಲ್ಲಿ ಕೆಲಸ ಎಂದು ಬರೆದವರನ್ನಷ್ಟೇ ಬೇರೆ ಮಾಡಿ. ಯಾವ ಕಾರ್ಖಾನೆಗೆ ಬಂದಿದ್ದರು, ಎಷ್ಟು ರಾತ್ರಿ ಇದ್ದರು, ಬಿಲ್ಲು ಯಾರ ಹೆಸರಿಗೆ ಹೋಯಿತು ಎಂಬುದು ಅಲ್ಲೇ ಸಿಗುತ್ತದೆ. ಆ್ಯಪ್ ಮೂಲಕ ರೂಮು ಮಾಡಿಕೊಂಡು ಬಂದವನೂ ಒಂದು ಕಾರ್ಖಾನೆಗೇ ಬಂದಿರುತ್ತಾನೆ. ಒಂದು ಎಚ್ಚರ: ಈ ಮಾಹಿತಿ ನಿಮಗೆ ಕಂಪನಿಯನ್ನು ಆರಿಸಿಕೊಳ್ಳಲು ಮಾತ್ರ. 'ನಿಮ್ಮಲ್ಲಿಗೆ ಬಂದಿದ್ದ ಇಂಥವರು ನಮ್ಮಲ್ಲಿ ಉಳಿದಿದ್ದರು' ಎಂದು ಮೇಲಿನಲ್ಲಿ ಬರೆದರೆ ಓದುವವರಿಗೆ ಮೊದಲು ಹೊಳೆಯುವುದು, ನಾಳೆ ನಮ್ಮ ವಿಷಯವನ್ನೂ ಇವರು ಇನ್ನೊಬ್ಬರಿಗೆ ಹೀಗೇ ಹೇಳುತ್ತಾರೆ ಎಂಬುದು.

ಇನ್ನು ಊರಿನ ಉದ್ಯೋಗಗಳನ್ನು ನೋಡಿ. ಚಾದರ, ಟರ್ಕಿ ಟವೆಲ್ ಮಾಡುವ ಘಟಕಗಳು ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ತುಂಬಿಕೊಂಡಿವೆ. ಪುಣೆ ರಸ್ತೆಯಲ್ಲಿ ಚಿಂಚೋಳಿ ಎಂಐಡಿಸಿ ಇದೆ (ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲ, ಇದು ಮೋಹೋಳದ ದಿಕ್ಕಿನದು). ಅಲ್ಲಿ ಇಂಜಿನಿಯರಿಂಗ್, ರಾಸಾಯನಿಕ ಘಟಕಗಳಿವೆ. ದಕ್ಷಿಣ ಸೋಲಾಪುರ ತಾಲ್ಲೂಕಿನ ಫತಾಟೇವಾಡಿಯಲ್ಲಿ ಎನ್‌ಟಿಪಿಸಿಯ 1,320 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ. ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳು. ಇವುಗಳಲ್ಲಿ ದೊಡ್ಡ ಹೆಸರಿನ ಹಿಂದೆ ಓಡುವುದು ಹೊಸಬರ ಸಾಮಾನ್ಯ ತಪ್ಪು. ದೊಡ್ಡ ಸ್ಥಾವರಗಳಿಗೆ ಸ್ವಂತ ಗೆಸ್ಟ್ ಹೌಸ್ ಇರುತ್ತದೆ. ರೂಮು ಬೇಕಾಗುವುದು ಅಲ್ಲಿ ವಾರ್ಷಿಕ ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಗೆ. ಆದ್ದರಿಂದ ಬರೆಯಬೇಕಾದದ್ದು ಆ ಗುತ್ತಿಗೆದಾರರಿಗೆ. ಸಕ್ಕರೆ ಕಾರ್ಖಾನೆಗೆ ಕಬ್ಬು ನುರಿಸುವ ಹಂಗಾಮು ಚಳಿಗಾಲದ ಸುತ್ತ ಬರುತ್ತದೆ. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹೊರಗಿನವರು ಬರುವುದು ಅದಕ್ಕೂ ಮೊದಲು, ಮಳೆಗಾಲದಲ್ಲಿ. ನವೆಂಬರಿನಲ್ಲಿ ಹೋದ ಮೇಲಿಗೆ ಅಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅದೇ ಮೇಲ್ ಜೂನಿನಲ್ಲಿ ಹೋದರೆ ಓದುತ್ತಾರೆ.

ಮೂವತ್ತು ಹೆಸರು ಸಾಕು. ಪ್ರತಿಯೊಂದರ ಮುಂದೆ ರೂಮು ಗೊತ್ತು ಮಾಡುವ ವ್ಯಕ್ತಿಯ ಹೆಸರು ಇರಬೇಕು. ದೊಡ್ಡ ಘಟಕದಲ್ಲಿ ಅದು ಎಚ್‌ಆರ್ ಅಥವಾ ಅಡ್ಮಿನ್. ಮನೆತನದ ಜವಳಿ ಘಟಕದಲ್ಲಿ ಮಾಲೀಕರೇ. info ಎಂದು ಶುರುವಾಗುವ ವಿಳಾಸಕ್ಕೆ ಕಳಿಸಿದ್ದು ಯಾರೂ ಓದದ ಪೆಟ್ಟಿಗೆಗೆ ಬೀಳುತ್ತದೆ. ಗೇಟಿಗೆ ಫೋನ್ ಮಾಡಿ 'ಹೊರಗಿಂದ ಬರೋರ್ ರೂಮ್ ಯಾರ್ ಮಾಡ್ತಾರ್ರಿ?' ಎಂದು ಕೇಳಿದರೆ ವಾಚ್‌ಮನ್ನೇ ಹೆಸರು ಹೇಳುತ್ತಾನೆ.

ಎಷ್ಟಕ್ಕೆ

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. ಹೆಚ್ಚಿನವರು ರೇಟನ್ನು ಪಕ್ಕದ ಹೋಟೆಲಿನವರು ಎಷ್ಟು ಕೊಡುತ್ತಾರೆ ಎಂದು ನೋಡಿ ನೂರು ರೂಪಾಯಿ ಕಡಿಮೆ ಇಡುತ್ತಾರೆ. ತಮ್ಮ ಕೈಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಿರುವುದಿಲ್ಲ.

ಲೆಕ್ಕಕ್ಕೆಂದು ಹೋಟಗಿ ರಸ್ತೆಯಲ್ಲಿ ನಲವತ್ತು ರೂಮಿನ ಒಂದು ಹೋಟೆಲ್ ಇದೆ ಎಂದುಕೊಳ್ಳಿ. ಆ್ಯಪ್‌ನಲ್ಲಿ ಅದರ ಎಸಿ ರೂಮು ತೆರಿಗೆ ಬಿಟ್ಟು 2,800 ರೂಪಾಯಿ. ಆ್ಯಪಿನವರ ಕಮಿಷನ್ ಶೇ 20 ಎಂದು ಹಿಡಿದರೆ 560 ರೂಪಾಯಿ ಅಲ್ಲಿಗೆ ಹೋಯಿತು. ಕಮಿಷನ್ನಿನ ಮೇಲೆ ಶೇ 18 ಜಿಎಸ್‌ಟಿ, ಅದು 101 ರೂಪಾಯಿ. ಈ 101 ರೂಪಾಯಿಯ ವಿಷಯ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಅಲ್ಲಿಯವರೆಗೆ 7,500 ರೂಪಾಯಿ ಮೀರದ ರೂಮಿಗೆ ಗಿರಾಕಿಯಿಂದ ಶೇ 12 ತೆರಿಗೆ ತೆಗೆದುಕೊಂಡು, ಹೋಟೆಲ್ ತಾನು ಕೊಟ್ಟ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುತ್ತಿತ್ತು. ಈಗ ಗಿರಾಕಿಗೆ ಶೇ 5, ಆದರೆ ಹೋಟೆಲಿಗೆ ಮುರಿದುಕೊಳ್ಳುವ ಅವಕಾಶ ಇಲ್ಲ. ಹಾಗಾಗಿ ಕಮಿಷನ್ ಮೇಲಿನ ಜಿಎಸ್‌ಟಿಯೂ ಹೋಟೆಲಿನ ಖರ್ಚಿಗೇ ಸೇರಿತು. 2,800ರ ರೂಮಿನಲ್ಲಿ ಕೈಗೆ ಬಂದದ್ದು 2,139.

ಈಗ ಕಂಪನಿಗೆ ನೇರವಾಗಿ 2,300ಕ್ಕೆ ಕೊಡಿ, ಬೆಳಗಿನ ತಿಂಡಿ ಸೇರಿಸಿ. ತಿಂಡಿಗೆ 120 ರೂಪಾಯಿ ಖರ್ಚು ಹಿಡಿದರೂ 2,180 ಉಳಿಯಿತು. ಆ್ಯಪಿನಲ್ಲಿ ಸಿಗುತ್ತಿದ್ದಕ್ಕಿಂತ ನಲವತ್ತು ರೂಪಾಯಿ ಹೆಚ್ಚೇ. ಕಂಪನಿಗೆ ಐನೂರು ರೂಪಾಯಿ ಉಳಿತಾಯ, ಮೇಲೆ ತಿಂಡಿ. ಈ ಹೋಟೆಲಿನ ಕಾರ್ಪೊರೇಟ್ ರೇಟು 2,300ರ ಆಸುಪಾಸಿನಲ್ಲಿರಬೇಕು ಎಂಬುದು ಹೀಗೆ ಗೊತ್ತಾಗುತ್ತದೆ. ಖಾಲಿ ಬಿಡುವ ಬದಲು 1,500ಕ್ಕೆ ಕೊಟ್ಟರೂ ಲಾಭವಲ್ಲವೇ ಎಂದು ಮಾಲೀಕರು ಕೇಳಬಹುದು. ಸೋಪು, ಲಾಂಡ್ರಿ, ಕರೆಂಟು ಕಳೆದರೆ ಆ ಒಂದು ರಾತ್ರಿಗೆ ಲಾಭವೇ. ಆದರೆ ಬರೆದು ಕೊಟ್ಟ ರೇಟು ಒಂದು ವರ್ಷ ಇರುತ್ತದೆ, ಎಂಐಡಿಸಿಯಲ್ಲಿ ಒಬ್ಬರಿಗೆ ಕೊಟ್ಟದ್ದು ಚಹದ ಅಂಗಡಿಯಲ್ಲಿ ಹತ್ತು ಮಂದಿಗೆ ತಿಳಿಯುತ್ತದೆ.

ಮೇಲಿನಲ್ಲಿ ತೆರಿಗೆ ಸೇರಿಸಿದ ಮೊತ್ತವನ್ನೂ ಬರೆಯಿರಿ: 2,300, ತೆರಿಗೆ 115, ಒಟ್ಟು 2,415. ಹಳೆಯ ಬ್ರೋಷರಿನಿಂದ ನಕಲು ಮಾಡಿ 'ಶೇ 12 ಹೆಚ್ಚುವರಿ' ಎಂದು ಹಾಕಿದರೆ ಕಂಪನಿಯ ಅಕೌಂಟೆಂಟ್ ಮೊದಲ ಸಾಲಿನಲ್ಲೇ ನಿಮ್ಮ ಕಾಗದ ಹಳತು ಎಂದು ಹಿಡಿಯುತ್ತಾರೆ.

ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ರೂಮಿನ ತೆರಿಗೆ ಕಟ್ಟಡ ಇರುವ ರಾಜ್ಯದ್ದು. ಕಂಪನಿಯ ಜಿಎಸ್‌ಟಿ ನಂಬರ್ 27ರಿಂದ ಶುರುವಾದರೆ ಅದು ಮಹಾರಾಷ್ಟ್ರದ ನೋಂದಣಿ. ಸೋಲಾಪುರದ ಬಿಲ್ಲನ್ನು ಅವರ ಅಕೌಂಟೆಂಟ್ ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ನೋಡಬಹುದು. ವಿಜಯಪುರದ್ದೋ ಕಲಬುರಗಿಯದ್ದೋ ಕಂಪನಿಗೆ 29ರಿಂದ ಶುರುವಾಗುವ ಕರ್ನಾಟಕದ ನಂಬರ್ ಮಾತ್ರ ಇದ್ದರೆ, ಸೋಲಾಪುರದಲ್ಲಿ ಬಿದ್ದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅವರಿಗೆ ಮರಳಿ ಸಿಗುವುದಿಲ್ಲ. ಅಂಥವರಿಗೆ 'ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ' ಎಂದು ಬರೆದು ಆಮೇಲೆ ಜಗಳಕ್ಕೆ ಬೀಳಬೇಡಿ. 2,415 ಎಂದು ಒಂದೇ ಮೊತ್ತ ಹೇಳಿದರೆ ಸಾಕು.

ಯಾವ ರಾತ್ರಿಗೆ

ನಿಮ್ಮಲ್ಲಿ ಖಾಲಿ ಇರುವುದು ವಾರದ ನಡುವಿನ ರಾತ್ರಿಗಳು, ಮಾರಬೇಕಾದದ್ದೂ ಅವನ್ನೇ. ರೇಟು ಭಾನುವಾರ ರಾತ್ರಿಯಿಂದ ಗುರುವಾರ ರಾತ್ರಿಯವರೆಗೆ ಎಂದು ಸ್ಪಷ್ಟವಾಗಿ ಬರೆಯಿರಿ. ರೇಟು ನಡೆಯದ ದಿನಗಳನ್ನು, ಹೋಟೆಲಿನವರು ಬ್ಲ್ಯಾಕ್‌ಔಟ್ ಡೇಟ್ ಎನ್ನುವುದನ್ನು, ಮೊದಲ ಮೇಲಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಸೋಲಾಪುರಕ್ಕೆ ಅವು ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರನ ಗಡ್ಡಾ ಜಾತ್ರೆ, ಪಂಢರಪುರದ ಆಷಾಢಿ ಮತ್ತು ಕಾರ್ತಿಕಿ ಏಕಾದಶಿ, ತುಳಜಾಪುರದ ನವರಾತ್ರಿ, ಮತ್ತೆ ವರ್ಷದ ಕೊನೆಯ ರಾತ್ರಿ. ಇದನ್ನು ಮುಚ್ಚಿಟ್ಟು ವರ್ಷಪೂರ್ತಿ ಎಂದು ಬರೆದ ಹೋಟೆಲು ಜಾತ್ರೆಯ ದಿನ ರೂಮಿಲ್ಲ ಎಂದಾಗ, ಆ ಅಡ್ಮಿನ್ ತನ್ನ ಸಾಹೇಬರ ಮುಂದೆ ನಿಂತು ಬೈಸಿಕೊಳ್ಳಬೇಕಾಗುತ್ತದೆ. ಆತ ಮತ್ತೆ ನಿಮಗೆ ಫೋನ್ ಮಾಡುವುದಿಲ್ಲ.

ರಾತ್ರಿಯ ಜೊತೆಗೆ ಗಂಟೆಯೂ ಮುಖ್ಯ. ಮುಂಬೈಯಿಂದ ಬರುವ ವಂದೇ ಭಾರತ್ ಸೋಲಾಪುರ ಮುಟ್ಟುವುದು ರಾತ್ರಿ ಹತ್ತೂವರೆಯ ಮೇಲೆ. ಅದರಲ್ಲಿ ಬಂದವನು ಹೋಟೆಲ್ ಸೇರುವ ಹೊತ್ತಿಗೆ ಅಡುಗೆಮನೆ ಮುಚ್ಚಿದ್ದರೆ ಅವನಿಗೆ ನೆನಪಿರುವುದು ಹಸಿವು ಮಾತ್ರ. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಮುಂಬೈ ಬಿಟ್ಟವನು ಬೆಳಗ್ಗೆ ಇಳಿಯುತ್ತಾನೆ. ಅವನಿಗೆ ಮಧ್ಯಾಹ್ನ ಹನ್ನೆರಡರ ಚೆಕ್‌ಇನ್ ಹೇಳಿದರೆ ಕಾರ್ಖಾನೆಗೆ ಸ್ನಾನವಿಲ್ಲದೆ ಹೋಗಬೇಕು. ಐವತ್ತು ರೂಪಾಯಿ ರೇಟು ಇಳಿಸುವುದಕ್ಕಿಂತ ಹನ್ನೊಂದೂವರೆಯವರೆಗೆ ಬಿಸಿ ಊಟ, ಏಳು ಗಂಟೆಗೆ ರೂಮು ಎಂಬ ಎರಡು ಮಾತು ಹೆಚ್ಚು ಕೆಲಸ ಮಾಡುತ್ತವೆ. ವಾರದ ನಡುವೆ ರೂಮು ಹೇಗೂ ಖಾಲಿ ಇರುವುದರಿಂದ ನಿಮಗೆ ಖರ್ಚೂ ಇಲ್ಲ. ಮೇಲಿನಲ್ಲಿ ಬರೆಯುವ ಮೊದಲು ಅಡುಗೆ ಭಟ್ಟರನ್ನು ಕೇಳಿಕೊಳ್ಳಿ, ಅಷ್ಟೇ.

ವಿದೇಶದ ಮಗ್ಗ ತರಿಸಿದ ಘಟಕಗಳಿಗೆ ಅಲ್ಲಿಂದಲೇ ಇಂಜಿನಿಯರುಗಳು ಬರುವುದುಂಟು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಟೆಲು ಸರ್ಕಾರಕ್ಕೆ ಆನ್‌ಲೈನಿನಲ್ಲಿ ತಿಳಿಸಬೇಕು. ಹೋಟೆಲಿನವರ ಬಾಯಲ್ಲಿ ಅದು ಸಿ-ಫಾರ್ಮ್. ನಿಮ್ಮಲ್ಲಿ ಆ ವ್ಯವಸ್ಥೆ ಇದ್ದರೆ ಅಂಥ ಘಟಕಕ್ಕೆ ಬರೆಯುವಾಗ ಒಂದು ಸಾಲು ಸೇರಿಸಿ. ಉಳಿದವರಿಗೆ ಬೇಡ.

ಮೇಲು

ಸೋಲಾಪುರದಲ್ಲಿ ಕಂಪನಿಯ ಮೇಲುಗಳು ಸರಳ ಇಂಗ್ಲಿಷಿನಲ್ಲೇ ನಡೆಯುತ್ತವೆ. ಅದೇ ಭಾಷೆಯಲ್ಲಿ ಬರೆಯಿರಿ. ತಿರುಳು ಮಾತ್ರ ಹೀಗಿರಲಿ. ವಿಷಯದ ಸಾಲು: 'ಚಿಂಚೋಳಿ ಎಂಐಡಿಸಿಗೆ ಬರುವ ಸರ್ವಿಸ್ ಇಂಜಿನಿಯರುಗಳಿಗೆ ರೂಮು, 2,300 ರೂ., ತಿಂಡಿ ಸೇರಿ'. ಒಳಗೆ:

'ನಮಸ್ಕಾರ ಸರ್. ಯಂತ್ರದ ಸರ್ವಿಸ್, ಆಡಿಟ್, ಖರೀದಿಗಾಗಿ ನಿಮ್ಮ ಘಟಕಕ್ಕೆ ಹೊರಗಿನಿಂದ ಬರುವವರ ರೂಮನ್ನು ತಾವು ನೋಡಿಕೊಳ್ಳುತ್ತೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ನಾನು ಹೋಟಗಿ ರಸ್ತೆಯ ಇಂಥ ಹೋಟೆಲಿನ ಸೇಲ್ಸ್ ವಿಭಾಗದಲ್ಲಿದ್ದೇನೆ.

ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳಿಗೆ ಒಬ್ಬರಿಗೆ ಎಸಿ ರೂಮು, ಬೆಳಗಿನ ತಿಂಡಿ ಸೇರಿ 2,300 ರೂ.; ತೆರಿಗೆ ಕೂಡಿ 2,415 ರೂ. ಇಬ್ಬರಿದ್ದರೆ ತೆರಿಗೆ ಕೂಡಿ 2,835 ರೂ. ಬಿಲ್ಲು ನಿಮ್ಮ ಕಂಪನಿಯ ಜಿಎಸ್‌ಟಿ ನಂಬರಿಗೆ.

ರಾತ್ರಿ ವಂದೇ ಭಾರತ್‌ನಲ್ಲಿ ಬಂದವರಿಗೆ ಹನ್ನೊಂದೂವರೆಯವರೆಗೆ ಬಿಸಿ ಊಟ ಸಿಗುತ್ತದೆ. ಬೆಳಗಿನ ರೈಲಿಗೆ ಬರುವವರಿಗೆ, ಹಿಂದಿನ ದಿನ ತಿಳಿಸಿದರೆ, ಏಳು ಗಂಟೆಗೇ ರೂಮು.

ಗಡ್ಡಾ ಜಾತ್ರೆ, ಆಷಾಢಿ ಮತ್ತು ಕಾರ್ತಿಕಿ ಏಕಾದಶಿ, ನವರಾತ್ರಿ, ಡಿಸೆಂಬರ್ 31, ಈ ದಿನಗಳಿಗೆ ಈ ರೇಟು ಇಲ್ಲ.

ಮುಂದಿನ ಸಲ ಬರುವವರನ್ನು ಒಂದು ರಾತ್ರಿ ನಮ್ಮಲ್ಲಿಗೆ ಕಳಿಸಿ ನೋಡಿ. ಒಪ್ಪಿಗೆಯಾದರೆ ಇದಕ್ಕೇ ಉತ್ತರ ಬರೆಯಿರಿ, ಒಂದು ಪುಟದ ರೇಟ್ ಪತ್ರ ಕಳಿಸುತ್ತೇನೆ. ಬೇಡವೆಂದರೆ ಒಂದು ಮಾತು ತಿಳಿಸಿ, ಮತ್ತೆ ತೊಂದರೆ ಕೊಡುವುದಿಲ್ಲ.'

ಕೆಳಗೆ ಹೆಸರು, ಮೊಬೈಲ್, ಹೋಟೆಲಿನ ವಿಳಾಸ. ಫೋಟೋ ಬೇಡ, ಬ್ರೋಷರ್ ಬೇಡ. ಮೊದಲ ಮೇಲಿಗೆ ಎಂಟು ಎಂಬಿಯ ಪಿಡಿಎಫ್ ಅಂಟಿಸಿದರೆ ಕಂಪನಿಯ ಸರ್ವರ್ ತಡೆಯಬಹುದು. ತಡೆಯದಿದ್ದರೂ ಕಾರ್ಖಾನೆಯ ಅಂಗಳದಲ್ಲಿ ಮೊಬೈಲ್ ಹಿಡಿದು ನಿಂತವರು ಅದನ್ನು ತೆರೆಯುವುದಿಲ್ಲ. ಈಜುಕೊಳ, ಬ್ಯಾಂಕ್ವೆಟ್ ಹಾಲಿನ ಸುದ್ದಿಯೂ ಬೇಡ. ಮಗ್ಗ ರಿಪೇರಿಗೆ ಬಂದವನು ಈಜಲು ಹೋಗುವುದಿಲ್ಲ. ಕಾರ್ಖಾನೆಗೆ ಎಷ್ಟು ನಿಮಿಷದ ದಾರಿ ಎಂದು ಒಂದು ಸಾಲು ಸೇರಿಸಬಹುದು. ಅದನ್ನು ನಕಾಶೆ ನೋಡಿ ಬರೆಯದೆ ಬೆಳಗ್ಗೆ ಒಂಬತ್ತಕ್ಕೆ ಸ್ಕೂಟರಿನಲ್ಲಿ ಹೋಗಿ ನೋಡಿ ಬರೆದರೆ ಚೆನ್ನ.

ಕಳಿಸುವುದು ಹೋಟೆಲಿನ ಸ್ವಂತ ಡೊಮೇನಿನ ವಿಳಾಸದಿಂದ. ಇನ್ನೂರು ಜನರನ್ನು ಬಿಸಿಸಿಯಲ್ಲಿ ಹಾಕಿ ಒಮ್ಮೆಗೇ ಹೊಡೆಯಬೇಡಿ. ದಿನಕ್ಕೆ ಹತ್ತು, ಒಂದೊಂದಾಗಿ, ಮೊದಲ ಸಾಲು ಆಯಾ ಕಂಪನಿಗೆ ತಕ್ಕಂತೆ ಬದಲಿಸಿ. 2024ರ ಫೆಬ್ರುವರಿಯಿಂದ ಜಿಮೇಲ್ ಕಳಿಸುವವರ ಡೊಮೇನನ್ನು ಬಿಗಿಯಾಗಿ ತಪಾಸಣೆ ಮಾಡುತ್ತಿದೆ. ನಿಮ್ಮದು ಸರಿಯಿದೆಯೇ ಎಂದು ತಿಳಿಯಲು ನಿಮ್ಮದೇ ಜಿಮೇಲ್ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ `Show original` ಒತ್ತಿ. `SPF` ಮತ್ತು `DKIM` ಮುಂದೆ `PASS` ಎಂದು ಇರಬೇಕು. ಇಲ್ಲದಿದ್ದರೆ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಗೆ ಹೇಳಿ ಮೊದಲು ಅದನ್ನು ಸರಿಪಡಿಸಿ. ಮೂವತ್ತರಲ್ಲಿ ಒಂದಕ್ಕೂ ಉತ್ತರವಿಲ್ಲವೆಂದರೆ ಬರವಣಿಗೆಯನ್ನು ತಿದ್ದುವ ಮೊದಲು ಇದನ್ನು ನೋಡಿಕೊಳ್ಳಿ. ಮೇಲು ಸ್ಪ್ಯಾಮಿನಲ್ಲಿ ಕೂತಿರಬಹುದು.

ಫೋನು

ಮೂರು ದಿನ ಬಿಟ್ಟು ಫೋನ್. ಸೋಲಾಪುರದಲ್ಲಿ ನಿಜವಾದ ವ್ಯಾಪಾರ ಕುದುರುವುದು ಇಲ್ಲೇ. ಮೇಲು ಬರೀ ಪರಿಚಯ. ಮೇಲ್ ಯಾವ ಭಾಷೆಯಲ್ಲಿದ್ದರೂ ಫೋನಿನಲ್ಲಿ ಆ ಕಡೆಯವರ ಭಾಷೆಗೆ ಇಳಿಯಿರಿ. ಈ ಊರಿನಲ್ಲಿ ಮರಾಠಿ ಎಲ್ಲರಿಗೂ ನಡೆಯುತ್ತದೆ, ಜವಳಿಯವರಲ್ಲಿ ತೆಲುಗಿನವರು ಬಹಳ, ಕನ್ನಡದವರೂ ಕಡಿಮೆಯಿಲ್ಲ. ಅಕ್ಕಲಕೋಟ, ದುಧನಿ ಕಡೆಯಂತೂ ಕನ್ನಡವೇ ಸಲೀಸು. ಮಾತು ಹೀಗೆ ಸಾಗಬಹುದು:

'ನಮಸ್ಕಾರ್ರಿ ಸಾಹೇಬ್ರ. ಸೋಮವಾರ ಒಂದ್ ಮೇಲ್ ಹಾಕಿದ್ನಿ, ರೂಮಿಂದು. ಈಗ ಎರಡ್ ಮಿನಿಟ್ ಮಾತಾಡ್ಲೇನ್ರಿ?'

'ಹಾಂ, ನೋಡೀನ್ರಿ. ಅದರಾಗ ಇನ್ನಾ ಎಷ್ಟ್ ಕಮ್ಮಿ ಮಾಡ್ತೀರಿ?'

'ಮಾಡೂಣ್ರಿ. ಅದಕ್ಕ ಮೊದಲ, ನಿಮ್ಮ ಕಡೆ ತಿಂಗಳಿಗೆ ಎಷ್ಟ್ ಮಂದಿ ಬರ್ತಾರ, ಎಷ್ಟ್ ದಿನ ಇರ್ತಾರ, ಅಷ್ಟ್ ಹೇಳ್ರಿ.'

ಈ ಪ್ರಶ್ನೆಗೆ ಬರುವ ಉತ್ತರಕ್ಕಾಗಿಯೇ ಇಷ್ಟು ಹೊತ್ತಿನ ಪ್ರಯತ್ನ. ತಿಂಗಳಿಗೆ ನಾಲ್ಕು ರಾತ್ರಿ ಎಂದರೆ ರೇಟು ಇಳಿಸುವ ಅಗತ್ಯವಿಲ್ಲ. ಮೂವತ್ತು ರಾತ್ರಿ ಎಂದರೆ 2,150ಕ್ಕೆ ಇಳಿಯಬಹುದು, ಅದೂ ಮೂವತ್ತು ಆದ ಮೇಲೆ, ಮೊದಲೇ ಅಲ್ಲ. ಫೋನ್ ಎತ್ತದಿದ್ದರೆ ವಾರ ಬಿಟ್ಟು ಅದೇ ಮೇಲಿಗೆ ಎರಡು ಸಾಲಿನ ನೆನಪೋಲೆ, ಅಲ್ಲಿಗೆ ನಿಲ್ಲಿಸಿ. ಬೇಡ ಎಂದವರ ಹೆಸರನ್ನು ಪಟ್ಟಿಯಲ್ಲಿ ಗುರುತು ಹಾಕಿಡಿ. ಮುಂದೆ ನಿಮ್ಮ ಜಾಗಕ್ಕೆ ಬಂದ ಹುಡುಗ ಅವರಿಗೇ ಮತ್ತೆ ಬರೆಯದಿರಲಿ.

ಒಪ್ಪಿದ ಮೇಲೆ

ರೇಟ್ ಪತ್ರದಲ್ಲಿ ಜಗಳ ಹುಟ್ಟುವ ಜಾಗಗಳು ಎರಡು, ಉಸಾಬರಿ ಮತ್ತು ಉದ್ರಿ.

ಮೊದಲನೆಯದು, ಬಿಲ್ಲಿನಲ್ಲಿ ಏನೇನು ಕಂಪನಿಯದು, ಏನೇನು ಅತಿಥಿಯದು ಎಂಬ ಉಸಾಬರಿ. ರೂಮು, ತಿಂಡಿ ಕಂಪನಿಯ ಲೆಕ್ಕಕ್ಕೆ. ರಾತ್ರಿ ಊಟ, ಲಾಂಡ್ರಿ, ಟ್ಯಾಕ್ಸಿ ಯಾರದು? ಬರೆದಿಡದಿದ್ದರೆ ತಿಂಗಳ ಕೊನೆಗೆ ಇಡೀ ಬಿಲ್ಲು ನಿಲ್ಲುತ್ತದೆ, 180 ರೂಪಾಯಿಯ ಲಾಂಡ್ರಿಗಾಗಿ. ರೂಮು ಬುಕ್ ಮಾಡಲು ಕಂಪನಿಯಲ್ಲಿ ಯಾರಿಗೆ ಅಧಿಕಾರ ಎಂದೂ ಬರೆಯಿಸಿಕೊಳ್ಳಿ.

ಎರಡನೆಯದು ಉದ್ರಿ. ಕಂಪನಿಗಳು 'ಬಿಲ್ ಟು ಕಂಪನಿ' ಕೇಳುತ್ತವೆ: ಅತಿಥಿ ಸಹಿ ಹಾಕಿ ಹೋಗುತ್ತಾನೆ, ಹಣ ಆಮೇಲೆ. ಲೆಕ್ಕ ಹೀಗೆ: ತಿಂಗಳಿಗೆ ಹನ್ನೆರಡು ರಾತ್ರಿ, ತೆರಿಗೆ ಕೂಡಿ 28,980 ರೂಪಾಯಿ. ತಿಂಗಳು ಮುಗಿದು ನಲವತ್ತೈದು ದಿನಕ್ಕೆ ಕೊಡುತ್ತಾರೆ ಎಂದರೆ, ಮೊದಲ ಚೆಕ್ಕು ಬರುವ ದಿನಕ್ಕೆ ಎರಡೂವರೆ ತಿಂಗಳ ಬಾಕಿ, ಸುಮಾರು 72,000 ರೂಪಾಯಿ ಹೊರಗಿರುತ್ತದೆ. ಅದೂ ಅಲ್ಲದೆ ಪ್ರತಿ ತಿಂಗಳು ರಿಟರ್ನ್ ತುಂಬುವ ಹೋಟೆಲು ಮೊದಲ ತಿಂಗಳ ಜಿಎಸ್‌ಟಿಯನ್ನು ಮುಂದಿನ 20ನೇ ತಾರೀಖಿಗೇ ಕಟ್ಟಿರಬೇಕು, ಗಿರಾಕಿಯ ಹಣ ಬರುವ ಮೊದಲೇ. ಆದ್ದರಿಂದ ಮೊದಲ ಮೂರು ತಿಂಗಳು ನಗದು ಅಥವಾ ಯುಪಿಐ. ಆಮೇಲೆ ಉದ್ರಿ, ಅದಕ್ಕೊಂದು ಮಿತಿ. ಮಿತಿ ಮುಟ್ಟಿದರೆ ಮುಂದಿನ ಅತಿಥಿ ಹಣ ಕೊಟ್ಟೇ ಇಳಿಯಬೇಕು ಎಂಬುದು ಪತ್ರದಲ್ಲೇ ಇರಲಿ.

ಪತ್ರಕ್ಕೆ ಸಹಿ ಬಿದ್ದ ರಾತ್ರಿ ನೀವೇ ಬೇರೆ ನಂಬರಿನಿಂದ ನಿಮ್ಮ ಹೋಟೆಲಿಗೆ ಹತ್ತು ಗಂಟೆಗೆ ಫೋನ್ ಮಾಡಿ, ಆ ಕಂಪನಿಯ ಹೆಸರು ಹೇಳಿ ರೇಟು ಕೇಳಿ. ರಾತ್ರಿ ಪಾಳಿಯ ಹುಡುಗ 2,800 ಎಂದರೆ ರೇಟನ್ನು ಸಾಫ್ಟ್‌ವೇರಿಗೆ ಏರಿಸಿಲ್ಲ ಎಂದರ್ಥ. ಕಂಪನಿಯ ಮೊದಲ ಅತಿಥಿಗೆ ಕೌಂಟರಿನಲ್ಲಿ ಬೇರೆ ರೇಟು ಹೇಳಿದರೆ ನಿಮ್ಮ ಮೇಲು, ಫೋನು ಎಲ್ಲವೂ ವ್ಯರ್ಥ. ಇನ್ನೊಂದು, ಖಾಲಿ ಮಂಗಳವಾರ ಆ್ಯಪ್‌ನಲ್ಲಿ ರೇಟನ್ನು 1,999ಕ್ಕೆ ಇಳಿಸುವ ಚಪಲ. ಅಂದು ಅಡ್ಮಿನ್ ಮೊಬೈಲ್ ನೋಡಿದರೆ ಕಾರ್ಪೊರೇಟ್ ರೇಟಿಗಿಂತ ಆ್ಯಪೇ ಅಗ್ಗ. ಹಾಗೆ ಇಳಿಸಲೇಬೇಕು ಎನ್ನುವವರು ಪತ್ರದಲ್ಲಿ '2,300 ಅಥವಾ ಆ ದಿನದ ಆ್ಯಪ್ ದರ, ಯಾವುದು ಕಡಿಮೆಯೋ ಅದು' ಎಂದು ಬರೆದುಬಿಡಲಿ.

ಅಕ್ಕಲಕೋಟದ ಮಾತು ಬೇರೆ

ಸೋಲಾಪುರದಿಂದ ನಲವತ್ತು ಕಿಲೋಮೀಟರಿನ ಒಳಗಿರುವ ಅಕ್ಕಲಕೋಟದಲ್ಲಿ ಈ ಮೇಲನ್ನು ಹಾಗೇ ನಕಲು ಮಾಡಿದರೆ ನಡೆಯುವುದಿಲ್ಲ. ಅಲ್ಲಿ ಗುರುವಾರ ಸ್ವಾಮಿ ಸಮರ್ಥರ ವಾರ. ಬುಧವಾರ ರಾತ್ರಿಯಿಂದಲೇ ಜನ ಬರುತ್ತಾರೆ. ಶನಿವಾರ, ಭಾನುವಾರ ಸರಿಯೇ. ಚೈತ್ರದ ಪ್ರಕಟ ದಿನ, ಪುಣ್ಯತಿಥಿ, ಗುರುಪೂರ್ಣಿಮೆ, ದತ್ತ ಜಯಂತಿಗೆ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಖಾಲಿ ಉಳಿಯುವುದು ಸೋಮವಾರ, ಮಂಗಳವಾರ. ಆದರೆ ಕಂಪನಿಯವನಿಗೆ ಎರಡೇ ರಾತ್ರಿ ಕೊಟ್ಟು ಬುಧವಾರ ಖಾಲಿ ಮಾಡು ಎನ್ನಲಾಗುವುದಿಲ್ಲ. ಭಕ್ತ ನಿವಾಸಗಳ ಅಗ್ಗದ ರೂಮುಗಳ ಜೊತೆ ರೇಟಿನಲ್ಲಿ ಸೆಣಸುವುದೂ ಆಗದ ಮಾತು.

ಅಲ್ಲಿಯ ಹೋಟೆಲಿಗೆ ನನ್ನ ಸಲಹೆ, ಐದಾರು ರೂಮುಗಳನ್ನು ಯಾತ್ರಿಕರ ಲೆಕ್ಕದಿಂದ ಪೂರ್ತಿ ಹೊರಗಿಟ್ಟು ತಿಂಗಳ ಲೆಕ್ಕದಲ್ಲಿ ಕೊಡುವುದು. ಸೂರತ್–ಚೆನ್ನೈ ಹೆದ್ದಾರಿ ಯೋಜನೆಯ ದಾರಿ ಈ ತಾಲ್ಲೂಕಿನ ಮೇಲೆ ಹಾಯುತ್ತದೆ. ರಸ್ತೆ, ನೀರಾವರಿ, ಸೌರ ವಿದ್ಯುತ್ ಕೆಲಸ ಹಿಡಿದ ಗುತ್ತಿಗೆದಾರರ ಇಂಜಿನಿಯರುಗಳು ತಿಂಗಳುಗಟ್ಟಲೆ ಇರುವವರು. ಅವರಿಗೆ ಬರೆಯುವ ಮೇಲಿನಲ್ಲಿ ರಾತ್ರಿಯ ರೇಟು ಬೇಡ, ತಿಂಗಳ ಮೊತ್ತ ಹೇಳಿ. ಬಟ್ಟೆ ಒಗೆಯುವ ವ್ಯವಸ್ಥೆ, ಎರಡು ಹೊತ್ತಿನ ಜೋಳದ ರೊಟ್ಟಿಯ ಊಟ, ಜೀಪು ನಿಲ್ಲಿಸಲು ಜಾಗ, ಗುರುವಾರವೂ ರೂಮು ಬಿಡಿಸುವುದಿಲ್ಲ ಎಂಬ ಮಾತು, ಇಷ್ಟಿದ್ದರೆ ಸಾಕು.

ಇಲ್ಲಿ ಆದಾಯ ತೆರಿಗೆಯ ಒಂದು ಗೆರೆ ದಾಟಬೇಕಾಗುತ್ತದೆ. ಬರೀ ರೇಟು ಗೊತ್ತು ಮಾಡಿಕೊಂಡು, ಬೇಕಾದಾಗ ಬಂದು ಉಳಿಯುವ ಒಪ್ಪಂದಕ್ಕೆ ಕಂಪನಿ ಬಾಡಿಗೆಯ ಟಿಡಿಎಸ್ ಮುರಿಯಬೇಕಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2002ರ 5ನೇ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತ್ತು. ಇಂತಿಷ್ಟು ರೂಮು ಇಡೀ ತಿಂಗಳು ನಮಗೇ ಮೀಸಲು ಎಂದು ಬರೆದುಕೊಂಡರೆ ಅದು ಬೇರೆ ಬಗೆಯ ಒಪ್ಪಂದ. ಬಾಡಿಗೆಯೆಂದು ಕಂಪನಿ ಟಿಡಿಎಸ್ ಹಿಡಿಯಬಹುದು. ಹಿಡಿದರೆ ಹೋಟೆಲಿಗೆ ನಷ್ಟವೇನಿಲ್ಲ, ತನ್ನ ತೆರಿಗೆಯಲ್ಲಿ ಅದು ಜಮೆಯಾಗುತ್ತದೆ. ಆದರೆ ಕೈಗೆ ಬರುವ ಹಣ ಆ ತಿಂಗಳು ಕಡಿಮೆ. ಸಹಿ ಹಾಕುವ ಮೊದಲು ಇಬ್ಬರ ಅಕೌಂಟೆಂಟರೂ ಒಮ್ಮೆ ಮಾತಾಡಿಕೊಂಡಿರಲಿ.

ಎರಡೂ ಊರಿನವರು ತೊಂಬತ್ತು ದಿನಕ್ಕೊಮ್ಮೆ ರೇಟ್ ಪತ್ರಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದರ ಮುಂದೆ ಬಂದ ರಾತ್ರಿಗಳನ್ನು ಬರೆಯಬೇಕು. ಸೊನ್ನೆ ಬಿದ್ದ ಕಂಪನಿಗೆ ರೇಟು ಇಳಿಸಿ ಬರೆಯುವ ಮೊದಲು ಅಡ್ಮಿನ್‌ಗೆ ಫೋನ್ ಮಾಡಿ, ಈಚೆಗೆ ಯಾರಾದರೂ ಬಂದಿದ್ದರೇ, ಎಲ್ಲಿ ಉಳಿದರು ಎಂದು ಕೇಳಿ. ಯಾರೂ ಬಂದಿಲ್ಲ ಎಂದರೆ ಕಾಯಿರಿ. ಬಂದವರು ಬೇರೆ ಹೋಟೆಲಿಗೆ ಹೋದರು ಎಂದರೆ ಯಾಕೆಂದು ಕೇಳಿ, ಬರೆದುಕೊಂಡು, ಅದೇ ಸಂಜೆ ಫ್ರಂಟ್ ಆಫೀಸ್ ಮ್ಯಾನೇಜರ್‌ಗೆ ತೋರಿಸಿ.